ಕಾಗೆಯ ಸುತ್ತ ಬಿಳಿ ಗೆರೆ

ಕಂಪ್ಯೂಟರ್ ಆಟವೊಂದರಲ್ಲಿ ಇರುಳಿನ ಆಕಾಶ. ಅದರ ಮೇಲೆ ಒಂದು ಕಪ್ಪು ಕಾಗೆ ಹಾರುತ್ತಿದೆ. ಚಿತ್ರ ಬಿಡಿಸಿದವರು ಕಾಗೆಯನ್ನು ಅಚ್ಚುಕಟ್ಟಾಗಿ ಬಿಡಿಸಿದ್ದಾರೆ, ಸುತ್ತಲಿನ ಜಾಗವನ್ನು ಪೂರ್ತಿ ಪಾರದರ್ಶಕವಾಗಿ ಬಿಟ್ಟಿದ್ದಾರೆ. ಚಿತ್ರದ ಕಡತವನ್ನು ತೆರೆದು ನೋಡಿದರೆ ಒಂದು ಕೊರೆಯೂ ಕಾಣದು. ಆದರೆ ಆಟದೊಳಗೆ ಅದೇ ಕಾಗೆಯ ರೆಕ್ಕೆಯಂಚಿಗೆ ಕೂದಲೆಳೆಯಷ್ಟು ತೆಳುವಾದ ಬಿಳಿಚು ಗೆರೆ ಅಂಟಿಕೊಂಡಿರುತ್ತದೆ, ದೇವರ ವಿಗ್ರಹದ ಹಿಂದಿನ ಪ್ರಭಾವಳಿಯ ಹಾಗೆ. ಕಾಗೆ ಒಂದೆಡೆ ಕೂತಾಗ ಗೆರೆ ಕೆಲವೊಮ್ಮೆ ಕಾಣುವುದೇ ಇಲ್ಲ. ನಿಧಾನವಾಗಿ ಸರಿಯತೊಡಗಿದರೆ ಮಾತ್ರ ಅಂಚು ಮಿಣಮಿಣ ಎನ್ನುತ್ತದೆ.

ಹೀಗೆ ಹಿನ್ನೆಲೆಯ ಮೇಲೆ ಇಟ್ಟು ಓಡಾಡಿಸುವ ಚಿಕ್ಕ ಚಿತ್ರಕ್ಕೆ ಆಟ ತಯಾರಿಸುವವರು ಸ್ಪ್ರೈಟ್ ಎನ್ನುತ್ತಾರೆ. ಗ್ರಾಫಿಕ್ಸ್ ಚಿಪ್ಪಿನ ಸ್ಮರಣೆಗೆ ಏರಿಸಿದ ಚಿತ್ರಕ್ಕೆ ಟೆಕ್ಸ್‌ಚರ್ ಎಂಬ ಹೆಸರು. ಬಿಳಿ ಗೆರೆಯೂ ಮಿನುಗೂ ಬೇರೆ ಬೇರೆ ದೋಷಗಳಂತೆ ತೋರಿದರೂ ಹೆಚ್ಚಿನ ಸಲ ಎರಡಕ್ಕೂ ಬೇರು ಒಂದೇ. ಕಣ್ಣಿಗೆ ಕಾಣಬಾರದ ಪಿಕ್ಸೆಲ್‌ಗಳಲ್ಲೂ ಬಣ್ಣವಿರುತ್ತದೆ, ಆ ಬಣ್ಣ ಲೆಕ್ಕದೊಳಗೆ ನುಸುಳಿ ಹೊರಗೆ ಬರುತ್ತದೆ.

ಪಾರದರ್ಶಕತೆಯುಳ್ಳ ಚಿತ್ರದಲ್ಲಿ ಪ್ರತಿ ಪಿಕ್ಸೆಲ್ಲಿಗೂ ನಾಲ್ಕು ಸಂಖ್ಯೆಗಳಿರುತ್ತವೆ. ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ ಮೂರು, ಆ ಪಿಕ್ಸೆಲ್ ಹಿಂದಿನದನ್ನು ಎಷ್ಟು ಮುಚ್ಚುತ್ತದೆ ಎಂದು ಹೇಳುವ ಇನ್ನೊಂದು. ಈ ನಾಲ್ಕನೆಯದೇ ಆಲ್ಫಾ. 1977ರ ಸುಮಾರಿಗೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಇದನ್ನು ಬಣ್ಣಗಳ ಜತೆಗೇ ಇಡುವ ಪದ್ಧತಿಯನ್ನು ತಂದರು. ಎರಡು ಚಿತ್ರಗಳನ್ನು ಬೆರೆಸುವ ಸೂತ್ರದಲ್ಲಿ ಪ್ರಮಾಣವನ್ನು ಸೂಚಿಸುತ್ತಿದ್ದ ಗ್ರೀಕ್ ಅಕ್ಷರದಿಂದ ಅದಕ್ಕೆ ಈ ಹೆಸರು ಬಂತು. ಆಲ್ಫಾ 1 ಇದ್ದರೆ ಪಿಕ್ಸೆಲ್ ಪೂರ್ತಿ ಗಟ್ಟಿ, 0 ಇದ್ದರೆ ಪೂರ್ತಿ ಪಾರದರ್ಶಕ, 0.5 ಇದ್ದರೆ ಅರ್ಧ ತನ್ನದು ಅರ್ಧ ಹಿಂದಿನದು.

ಇಲ್ಲಿ ತಪ್ಪಿಹೋಗುವ ಒಂದು ಸಂಗತಿಯಿದೆ. ಆಲ್ಫಾ 0 ಆದ ಮಾತ್ರಕ್ಕೆ ಉಳಿದ ಮೂರು ಸಂಖ್ಯೆಗಳು ಅಳಿಸಿಹೋಗುವುದಿಲ್ಲ. ಕಾಗೆಯ ಹೊರಗಿನ ಪಾರದರ್ಶಕ ಪಿಕ್ಸೆಲ್ಲಿಗೂ ಒಂದು ಬಣ್ಣ ಬರೆದಿಟ್ಟಿರುತ್ತದೆ. ಪಿಎನ್‌ಜಿ ಕಡತಗಳಲ್ಲಿ ಬಣ್ಣವನ್ನೂ ಆಲ್ಫಾವನ್ನೂ ಒಂದಕ್ಕೊಂದು ತಾಗದಂತೆ ಬೇರೆಬೇರೆಯಾಗಿ ಇಡಬೇಕೆಂಬುದು ಆ ಮಾದರಿಯ ನಿಯಮ. ಚಿತ್ರ ಬಿಡಿಸುವ ತಂತ್ರಾಂಶ ಆ ಕಾಣದ ಜಾಗದಲ್ಲಿ ಬಿಳಿಯನ್ನು ತುಂಬಿರಬಹುದು, ಕಪ್ಪನ್ನು ತುಂಬಿರಬಹುದು, ಹಿಂದೆ ಅಳಿಸಿದ ಗೀಚಿನ ಬಣ್ಣವನ್ನೇ ಬಿಟ್ಟಿರಬಹುದು. ಚಿತ್ರಕಾರನಿಗೆ ಅದು ಕಾಣುವುದಿಲ್ಲವಾದ್ದರಿಂದ ಅವನು ಅದರ ಬಗ್ಗೆ ಯೋಚಿಸುವುದೂ ಇಲ್ಲ. ಈ ಕಾಗೆಯ ಸುತ್ತ ಅಡಗಿರುವುದು ಬಿಳಿ ಎಂದಿಟ್ಟುಕೊಂಡು ಮುಂದಿನ ಲೆಕ್ಕ ಮಾಡಬಹುದು.

ಗ್ರಾಫಿಕ್ಸ್ ಚಿಪ್ಪು ಸ್ಪ್ರೈಟನ್ನು ಹಿನ್ನೆಲೆಯ ಮೇಲೆ ಬೆರೆಸುವ ಕ್ರಿಯೆಗೆ ಬ್ಲೆಂಡಿಂಗ್ ಎಂದು ಹೆಸರು. ಓಪನ್‌ಜಿಎಲ್‌ನಲ್ಲಿ ಅದರ ರೂಢಿಯ ಆಜ್ಞೆ ಹೀಗಿರುತ್ತದೆ:

```
glEnable(GL_BLEND);
glBlendFunc(GL_SRC_ALPHA, GL_ONE_MINUS_SRC_ALPHA);
```

ಸ್ಪ್ರೈಟಿನ ಬಣ್ಣವನ್ನು ಅದರ ಆಲ್ಫಾದಿಂದ ಗುಣಿಸು, ಹಿನ್ನೆಲೆಯ ಬಣ್ಣವನ್ನು ಒಂದರಲ್ಲಿ ಆಲ್ಫಾ ಕಳೆದು ಉಳಿದದ್ದರಿಂದ ಗುಣಿಸು, ಎರಡನ್ನೂ ಕೂಡಿಸು ಎಂಬುದು ಇದರ ತಾತ್ಪರ್ಯ. ಲೆಕ್ಕ ಸುಲಭವಾಗಲೆಂದು ಮೂರು ಬಣ್ಣಗಳ ಬದಲು ಒಂದೇ ಬೂದು ಅಳತೆಯನ್ನು ತೆಗೆದುಕೊಂಡರೆ ಸಾಕು. 0 ಎಂದರೆ ಕಡುಕಪ್ಪು, 255 ಎಂದರೆ ಅಚ್ಚಬಿಳಿ. ಕಾಗೆಯ ಮೈ 20, ಇರುಳಿನ ಆಕಾಶ 30, ಕಾಗೆಯ ಹೊರಗೆ ಅಡಗಿರುವ ಬಿಳಿ 255.

ಕಾಗೆಯೊಳಗಿನ ಪಿಕ್ಸೆಲ್ಲಿನ ಆಲ್ಫಾ 1. ಆಕಾಶಕ್ಕೆ ಪಾಲೇ ಇಲ್ಲ, ತೆರೆಯ ಮೇಲೆ 20 ಬರುತ್ತದೆ. ಹೊರಗಿನ ಪಿಕ್ಸೆಲ್ಲಿನ ಆಲ್ಫಾ 0. ಅಡಗಿದ 255 ಸೊನ್ನೆಯಿಂದ ಗುಣಿಸಿಕೊಂಡು ಮಾಯವಾಗುತ್ತದೆ, ತೆರೆಯ ಮೇಲೆ ಆಕಾಶದ 30 ಉಳಿಯುತ್ತದೆ. ಎರಡೂ ಸರಿ. ಇಷ್ಟೇ ಆಗಿದ್ದರೆ ಬಿಳಿ ಗೆರೆ ಬರುತ್ತಲೇ ಇರಲಿಲ್ಲ.

ಆದರೆ ಟೆಕ್ಸ್‌ಚರಿನ ಪಿಕ್ಸೆಲ್ಲುಗಳು ತೆರೆಯ ಪಿಕ್ಸೆಲ್ಲುಗಳ ಮೇಲೆ ಸರಿಯಾಗಿ ಒಂದಕ್ಕೊಂದು ಕೂರುವುದು ಅಪರೂಪ. ಸ್ಪ್ರೈಟನ್ನು ಹಿಗ್ಗಿಸಿರಬಹುದು, ತಿರುಗಿಸಿರಬಹುದು, ಅರ್ಧ ಪಿಕ್ಸೆಲ್ ಪಕ್ಕಕ್ಕೆ ಸರಿಸಿರಬಹುದು. ಆಗ ತೆರೆಯ ಒಂದು ಪಿಕ್ಸೆಲ್ ಟೆಕ್ಸ್‌ಚರಿನ ಎರಡು ಪಿಕ್ಸೆಲ್ಲುಗಳ ನಡುವಿನ ಬಿಂದುವನ್ನು ಕೇಳುತ್ತದೆ. ಚಿಪ್ಪು ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ಲುಗಳನ್ನು ಅವುಗಳ ದೂರಕ್ಕೆ ತಕ್ಕಂತೆ ಸರಾಸರಿ ಮಾಡಿ ಉತ್ತರ ಕೊಡುತ್ತದೆ. ಇದು ಬೈಲೀನಿಯರ್ ಫಿಲ್ಟರಿಂಗ್. ಚಿತ್ರ ಮೆಟ್ಟಿಲು ಮೆಟ್ಟಿಲಾಗಿ ಕಾಣದೆ ನುಣುಪಾಗಿ ಕಾಣುವುದು ಇದರಿಂದಲೇ. ಮುಖ್ಯವಾದ ಮಾತೆಂದರೆ ಈ ಸರಾಸರಿ ಬ್ಲೆಂಡಿಂಗಿಗಿಂತ ಮೊದಲು ನಡೆಯುತ್ತದೆ, ಅದೂ ನಾಲ್ಕು ಸಂಖ್ಯೆಗಳಿಗೂ ಪ್ರತ್ಯೇಕವಾಗಿ. ಬಣ್ಣದ ಸರಾಸರಿ ಮಾಡುವಾಗ ಅದು ಆಲ್ಫಾದತ್ತ ತಿರುಗಿಯೂ ನೋಡುವುದಿಲ್ಲ.

ಕಾಗೆಯ ಅಂಚಿನ ಪಿಕ್ಸೆಲ್ ಮತ್ತು ಅದರ ಪಕ್ಕದ ಪಾರದರ್ಶಕ ಪಿಕ್ಸೆಲ್, ಈ ಎರಡರ ಸರಿಯಾಗಿ ನಟ್ಟನಡುವಿನ ಬಿಂದುವನ್ನು ಹತ್ತಿರದಿಂದ ನೋಡಬೇಕು. ಬಣ್ಣದ ಸರಾಸರಿ 20 ಮತ್ತು 255ರ ಅರ್ಧ, ಅಂದರೆ 137.5. ಆಲ್ಫಾದ ಸರಾಸರಿ 1 ಮತ್ತು 0ಯ ಅರ್ಧ, ಅಂದರೆ 0.5. ಈಗ ಬ್ಲೆಂಡಿಂಗ್: 137.5ರ ಅರ್ಧ 68.75, ಆಕಾಶದ 30ರ ಅರ್ಧ 15, ಒಟ್ಟು ಸುಮಾರು 84. ಒಂದು ಪಕ್ಕದಲ್ಲಿ 20ರ ಕಾಗೆ, ಇನ್ನೊಂದು ಪಕ್ಕದಲ್ಲಿ 30ರ ಆಕಾಶ, ನಡುವೆ ಇರಬೇಕಾದದ್ದು 25. ಬಂದದ್ದು 84. ಆ ಬೆಳಕು ಕಾಗೆಯದೂ ಅಲ್ಲ, ಆಕಾಶದ್ದೂ ಅಲ್ಲ. ಸೊನ್ನೆಯಿಂದ ಗುಣಿಸಿಕೊಂಡು ಮಾಯವಾಗಬೇಕಿದ್ದ ಬಿಳಿ, ಗುಣಾಕಾರಕ್ಕೆ ಮೊದಲೇ ಪಕ್ಕದ ಪಿಕ್ಸೆಲ್ಲಿನೊಳಗೆ ಸೇರಿಕೊಂಡು ತಪ್ಪಿಸಿಕೊಂಡಿದೆ. ಬಿಳಿ ಗೆರೆ ಎಂದರೆ ಇಷ್ಟೇ.

ಇದೇ ಕಾಗೆಯನ್ನು ಹಗಲಿನ ಆಕಾಶದ ಮೇಲೆ ಇಟ್ಟರೆ ಆಗುವುದು ಕುತೂಹಲದ ಸಂಗತಿ. ಆಕಾಶ 240 ಎಂದರೆ ನಡುವಿನ ಬಿಂದು 130 ಇರಬೇಕು, ಬರುವುದು ಸುಮಾರು 189. ತಪ್ಪಿನ ಪ್ರಮಾಣ ಅಷ್ಟೇ, ಎರಡು ಕಡೆಯೂ ಸುಮಾರು 59. ಆದರೆ 189 ಎಂಬುದು 20 ಮತ್ತು 240ರ ನಡುವೆಯೇ ಇರುವುದರಿಂದ ಕಣ್ಣಿಗೆ ಅದು ಗೆರೆಯಾಗಿ ಕಾಣದೆ ಅಂಚು ಸ್ವಲ್ಪ ಸವೆದಂತೆ ತೋರುತ್ತದೆ. ಹಗಲಿನ ದೃಶ್ಯದಲ್ಲಿ ಪರೀಕ್ಷಿಸಿ ಸರಿಯಿದೆ ಎಂದು ಒಪ್ಪಿಕೊಂಡ ಸ್ಪ್ರೈಟ್ ಇರುಳಿನ ದೃಶ್ಯಕ್ಕೆ ಹೋದೊಡನೆ ಕೆಟ್ಟಂತೆ ಕಾಣುವುದು ಇದೇ ಕಾರಣಕ್ಕೆ. ದೋಷ ಹೊಸದಾಗಿ ಹುಟ್ಟಿದ್ದಲ್ಲ, ಅಡಗಲು ಜಾಗ ಸಿಗಲಿಲ್ಲ ಅಷ್ಟೆ.

ಅಡಗಿದ ಬಣ್ಣ ಬಿಳಿಯ ಬದಲು ಕಪ್ಪಾಗಿದ್ದರೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಆಗ ಕಾಗೆಗೆ ತೊಂದರೆಯಿಲ್ಲ, ಬೆಳ್ಳಕ್ಕಿಗೆ ತೊಂದರೆ. 250ರ ಬೆಳ್ಳಕ್ಕಿ 240ರ ಮೋಡದ ಮುಂದೆ ಹಾರಿದರೆ ಅಂಚಿನಲ್ಲಿ 245 ಇರಬೇಕಾದಲ್ಲಿ ಸುಮಾರು 183 ಬರುತ್ತದೆ, ಹಕ್ಕಿಯ ಸುತ್ತ ಕೊಳೆ ಮೆತ್ತಿದಂತೆ ಕಾಣುತ್ತದೆ.

ಮಿನುಗು ಎಲ್ಲಿಂದ ಬರುತ್ತದೆ ಎಂಬುದೂ ಈ ಲೆಕ್ಕದೊಳಗೇ ಇದೆ. ತಪ್ಪಿನ ಪ್ರಮಾಣ ಎರಡು ಪಿಕ್ಸೆಲ್ಲುಗಳ ನಟ್ಟನಡುವೆ ಅತಿ ಹೆಚ್ಚು, ಪಿಕ್ಸೆಲ್ಲಿನ ಕೇಂದ್ರದ ಮೇಲೆ ಸೊನ್ನೆ. ಹಿಗ್ಗಿಸದೆ ಕುಗ್ಗಿಸದೆ ಇಟ್ಟ ಕಾಗೆ ಒಂದೊಂದು ಫ್ರೇಮಿಗೆ ಅರ್ಧ ಪಿಕ್ಸೆಲ್ಲಿನಂತೆ ಬಲಕ್ಕೆ ಸರಿಯುತ್ತಿದೆ ಎಂದುಕೊಳ್ಳಬಹುದು. ಮೊದಲ ಫ್ರೇಮಿನಲ್ಲಿ ಟೆಕ್ಸ್‌ಚರ್ ತೆರೆಯ ಮೇಲೆ ಸರಿಯಾಗಿ ಕೂತಿದೆ, ಗೆರೆ ಇಲ್ಲ. ಎರಡನೆಯದರಲ್ಲಿ ಅರ್ಧ ಪಿಕ್ಸೆಲ್ ಆಚೆ, ಗೆರೆ ಪೂರ್ತಿ ಇದೆ. ಮೂರನೆಯದರಲ್ಲಿ ಮತ್ತೆ ಇಲ್ಲ. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಆಟದಲ್ಲಿ ಹೀಗೆ ಸೆಕೆಂಡಿಗೆ 30 ಸಲ ಗೆರೆ ಬಂದು ಹೋಗುತ್ತದೆ. ಓಡುವ ವೇಗ ಬೇರೆಯಾದರೆ ಮಿನುಗಿನ ಲಯವೂ ಬೇರೆಯಾಗುತ್ತದೆ. ಕ್ಯಾಮೆರಾ ಮೆಲ್ಲಗೆ ಸರಿಯುವಾಗ ಇಡೀ ದೃಶ್ಯದ ಎಲೆಗಳ ಅಂಚೆಲ್ಲ ಒಟ್ಟಿಗೆ ಕಂಪಿಸಿದಂತೆ ಕಾಣುವುದಕ್ಕೂ ಇದೇ ಮೂಲ.

ದೂರದ ಸ್ಪ್ರೈಟುಗಳಲ್ಲಿ ಇದು ಇನ್ನೂ ಹದಗೆಡುತ್ತದೆ. ಚಿತ್ರವನ್ನು ಚಿಕ್ಕದಾಗಿ ತೋರಿಸುವಾಗ ಚಿಪ್ಪು ಮೊದಲೇ ಮಾಡಿಟ್ಟ ಕಿರುಪ್ರತಿಗಳನ್ನು ಬಳಸುತ್ತದೆ. ಪ್ರತಿ ಪ್ರತಿಯೂ ಹಿಂದಿನದರ ಅರ್ಧ ಅಗಲ, ಅರ್ಧ ಎತ್ತರ. ಇವಕ್ಕೆ ಮಿಪ್‌ಮ್ಯಾಪ್ ಎಂದು ಹೆಸರು, ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ವಿವರಿಸಿದ ವಿಧಾನ. ಪ್ರತಿ ಹಂತದಲ್ಲೂ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತವೆ, ಪ್ರತಿ ಸಲವೂ ಅಡಗಿದ ಬಿಳಿ ಕಾಗೆಯೊಳಗೆ ಇನ್ನಷ್ಟು ಬೆರೆಯುತ್ತದೆ. ನಾಲ್ಕನೆಯ ಪ್ರತಿಗೆ ಬರುವ ಹೊತ್ತಿಗೆ ಮೂಲದ ಹದಿನಾರು ಪಿಕ್ಸೆಲ್ ಅಗಲ ಒಂದೇ ಪಿಕ್ಸೆಲ್ಲಿಗೆ ಇಳಿದಿರುತ್ತದೆ. ದೂರದ ಕಾಗೆಗಳ ಹಿಂಡು ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಮಂಜಿನ ಪರಿಣಾಮವಲ್ಲ.

ಪರಿಹಾರಕ್ಕೆ ಕೈಹಾಕುವ ಮುನ್ನ ದೋಷ ಎಲ್ಲಿದೆ ಎಂದು ಹಿಡಿಯಬೇಕು, ಯಾಕೆಂದರೆ ಇದೇ ಮುಖದ ಇನ್ನೊಂದು ದೋಷವೂ ಇದೆ. ಟೆಕ್ಸ್‌ಚರಿನ ಫಿಲ್ಟರಿಂಗನ್ನು ನಿಯರೆಸ್ಟ್‌ಗೆ ಬದಲಿಸಿ, ಮಿಪ್‌ಮ್ಯಾಪನ್ನೂ ನಿಲ್ಲಿಸಿ ನೋಡುವುದು ಮೊದಲ ಪರೀಕ್ಷೆ. ಆಗ ಚಿಪ್ಪು ಸರಾಸರಿ ಮಾಡದೆ ಹತ್ತಿರದ ಒಂದೇ ಪಿಕ್ಸೆಲ್ಲನ್ನು ಎತ್ತಿಕೊಳ್ಳುತ್ತದೆ. ಅಂಚು ಒರಟಾಗಿ ಗೆರೆ ಮಾಯವಾದರೆ ತಪ್ಪು ಫಿಲ್ಟರಿಂಗಿನ ದಾರಿಯಲ್ಲಿ ಬಂದದ್ದು. ಗೆರೆ ಹಾಗೇ ಉಳಿದರೆ ಅದು ಚಿತ್ರದೊಳಗೇ ಬರೆದುಹೋಗಿರುವ ಸಾಧ್ಯತೆ ಹೆಚ್ಚು: ಕಾಗೆಯನ್ನು ಬಿಳಿ ಹಾಳೆಯ ಮೇಲೆ ಬಿಡಿಸಿ, ಆಮೇಲೆ ಬಿಳಿಯನ್ನು ಕತ್ತರಿಸಿ ತೆಗೆದಿದ್ದಾರೆ. ಬಿಡಿಸುವಾಗಲೇ ಅಂಚಿನ ಪಿಕ್ಸೆಲ್ಲುಗಳಲ್ಲಿ ಕಾಗೆಯ ಕಪ್ಪೂ ಹಾಳೆಯ ಬಿಳಿಯೂ ಬೆರೆತಿತ್ತು, ಅದು ಬೆರೆತೇ ಉಳಿದಿದೆ. ಹಿಂದಿದ್ದದ್ದು ಬಿಳಿಯೇ ಎಂದು ಗೊತ್ತಿದ್ದರೆ, ಆಲ್ಫಾ ಸರಿಯಾಗಿದ್ದರೆ, ಇದನ್ನು ಲೆಕ್ಕದಿಂದ ಹಿಂದಕ್ಕೆ ತಿರುಗಿಸಬಹುದು. ಅಂಚಿನ ಬಣ್ಣ 137.5, ಆಲ್ಫಾ 0.5 ಇದ್ದರೆ ಬಿಳಿಯ ಪಾಲಾದ 127.5ನ್ನು ಕಳೆದು, ಉಳಿದ 10ನ್ನು 0.5ರಿಂದ ಭಾಗಿಸಿದರೆ ಕಾಗೆಯ 20 ವಾಪಸು ಸಿಗುತ್ತದೆ. ಆಲ್ಫಾ ತೀರಾ ಕಡಿಮೆಯಿರುವ ಪಿಕ್ಸೆಲ್ಲುಗಳಲ್ಲಿ ಈ ಭಾಗಾಕಾರ ಸಣ್ಣ ತಪ್ಪನ್ನೂ ಹಿಗ್ಗಿಸುವುದರಿಂದ, ಸಾಧ್ಯವಾದರೆ ಚಿತ್ರವನ್ನು ಮೊದಲಿಂದಲೇ ಪಾರದರ್ಶಕ ಪದರದ ಮೇಲೆ ಬಿಡಿಸುವುದು ಮೇಲು.

ಎರಡನೆಯ ಪರೀಕ್ಷೆ ಅಡಗಿದ ಬಣ್ಣವನ್ನು ಬೆಳಕಿಗೆ ತರುವುದು. ಇಮೇಜ್‌ಮ್ಯಾಜಿಕ್ ಎಂಬ ಉಚಿತ ಸಾಧನದಲ್ಲಿ ಆಲ್ಫಾವನ್ನು ಬದಿಗಿಟ್ಟು ಬರೀ ಬಣ್ಣವನ್ನು ಹೊರತೆಗೆಯಲು ಒಂದು ಸಾಲು ಸಾಕು:

```
magick kaage.png -alpha off banna.png
```

ಹೊಸ ಕಡತವನ್ನು ತೆರೆದಾಗ ಕಪ್ಪು ಕಾಗೆಯ ಸುತ್ತ ಬಿಳಿ ಚೌಕ ಕಂಡರೆ ಕಾರಣ ಸಿಕ್ಕಂತೆಯೇ. ಎಷ್ಟೋ ದಿನ ಕೋಡಿನೊಳಗೆ ಹುಡುಕಿ ಸಿಗದ ಉತ್ತರ ಈ ಒಂದು ನೋಟದಲ್ಲಿ ಸಿಗುತ್ತದೆ.

ಅಲ್ಲಿಂದ ಮುಂದೆ ಎರಡು ದಾರಿಗಳಿವೆ. ಒಂದು, ಅಡಗಿದ ಬಣ್ಣವನ್ನೇ ಬದಲಿಸುವುದು. ಕಾಗೆಯ ಅಂಚಿನ ಬಣ್ಣವನ್ನು ಪಾರದರ್ಶಕ ಜಾಗಕ್ಕೆ ಹೊರಮುಖವಾಗಿ ಹರಡಿ, ಆಲ್ಫಾವನ್ನು ಮಾತ್ರ 0 ಆಗಿಯೇ ಬಿಡುವುದು. ಆಗ ನಡುವಿನ ಬಿಂದುವಿನಲ್ಲಿ 20 ಮತ್ತು 20ರ ಸರಾಸರಿ 20, ಆಲ್ಫಾ 0.5, ಬ್ಲೆಂಡಿಂಗಿನ ನಂತರ 10 ಮತ್ತು 15 ಸೇರಿ 25. ಬೇಕಾದದ್ದೇ ಬಂತು. ಯೂನಿಟಿ ಎಂಜಿನ್ನಿನ ಟೆಕ್ಸ್‌ಚರ್ ಆಮದು ಪಟ್ಟಿಯಲ್ಲಿರುವ `Alpha Is Transparency` ಎಂಬ ಗುರುತು ಈ ಕೆಲಸ ಮಾಡುತ್ತದೆ, ಗೊಡೋದಲ್ಲಿ ಅದರ ಹೆಸರು `Fix Alpha Border`. ಹೆಚ್ಚಿನ ಸಂದರ್ಭದಲ್ಲಿ ಈ ಗುರುತು ಹಾಕಿದರೆ ಗೆರೆ ಹೋಗುತ್ತದೆ.

ಆದರೆ ಇದು ಹೊಲಿದು ಮುಚ್ಚಿದ ಹರಕು. ಬಣ್ಣ ಕೆಲವೇ ಪಿಕ್ಸೆಲ್ ದೂರ ಹರಡಿದ್ದರೆ ದೊಡ್ಡ ಚಿತ್ರ ನುಣುಪಾಗುತ್ತದೆ, ಕಿರುಪ್ರತಿಗಳಲ್ಲಿ ಬಿಳಿ ಮತ್ತೆ ತಲೆಯೆತ್ತುತ್ತದೆ. ಕಡತದ ಗಾತ್ರ ಇಳಿಸುವ ಕೆಲವು ಸಾಧನಗಳು ಕಾಣದ ಬಣ್ಣ ಯಾಕೆ ಬೇಕೆಂದು ಅದನ್ನು ಒಂದೇ ಬಣ್ಣಕ್ಕೆ ಒರೆಸಿಬಿಡುತ್ತವೆ. ಆಗ ಹರಡಿದ್ದೆಲ್ಲ ವ್ಯರ್ಥ. ಇದಕ್ಕಿಂತ ಆಳದ ಮಿತಿಯೊಂದಿದೆ. ಗಟ್ಟಿಯಾದ ಕೆಂಪು ಪಿಕ್ಸೆಲ್ಲಿನ ಪಕ್ಕದಲ್ಲಿ ಬಹುತೇಕ ಪಾರದರ್ಶಕವಾದ ನೀಲಿ ಪಿಕ್ಸೆಲ್ ಇದ್ದರೆ ಎರಡೂ ಕಾಣುವ ಬಣ್ಣಗಳೇ, ಹರಡಲು ಜಾಗವಿಲ್ಲ. ಸರಾಸರಿಯಲ್ಲಿ ಮಾತ್ರ ಆ ತೆಳು ನೀಲಿ ತನ್ನ ಯೋಗ್ಯತೆಗೆ ಮೀರಿದ ಪಾಲು ಪಡೆದುಕೊಳ್ಳುತ್ತದೆ.

ಎರಡನೆಯ ದಾರಿ ತಪ್ಪಿನ ಬುಡಕ್ಕೇ ಹೋಗುತ್ತದೆ. ಸರಾಸರಿ ಮೊದಲು, ಗುಣಾಕಾರ ಆಮೇಲೆ ಎಂಬುದು ತೊಂದರೆಯ ಕಾರಣವಾದರೆ, ಗುಣಾಕಾರವನ್ನೇ ಮೊದಲು ಮುಗಿಸಬಹುದು. ಟೆಕ್ಸ್‌ಚರ್ ಏರಿಸುವ ಮುನ್ನವೇ ಪ್ರತಿ ಪಿಕ್ಸೆಲ್ಲಿನ ಬಣ್ಣವನ್ನು ಅದರದೇ ಆಲ್ಫಾದಿಂದ ಗುಣಿಸಿ ಇಟ್ಟರೆ ಅದು ಪ್ರೀಮಲ್ಟಿಪ್ಲೈಡ್ ಆಲ್ಫಾ, ಅಂದರೆ ಮುಂಚೆಯೇ ಗುಣಿಸಿದ ಆಲ್ಫಾ. ಲೂಕಸ್‌ಫಿಲ್ಮ್‌ನಲ್ಲಿದ್ದ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ತಮ್ಮ ಪ್ರಬಂಧದಲ್ಲಿ ಚಿತ್ರಗಳ ಬೆರಕೆಯ ಇಡೀ ಗಣಿತವನ್ನು ಈ ರೂಪದ ಮೇಲೆಯೇ ಕಟ್ಟಿದರು. ಹೀಗೆ ಗುಣಿಸಿದ ಚಿತ್ರಕ್ಕೆ ಬ್ಲೆಂಡಿಂಗಿನ ಆಜ್ಞೆಯೂ ಬದಲಾಗಬೇಕು, ಸ್ಪ್ರೈಟಿನ ಬಣ್ಣವನ್ನು ಮತ್ತೆ ಗುಣಿಸಬಾರದು:

```
glBlendFunc(GL_ONE, GL_ONE_MINUS_SRC_ALPHA);
```

ಕಾಗೆಯ ಲೆಕ್ಕವನ್ನು ಇದರಲ್ಲಿ ಮತ್ತೊಮ್ಮೆ ಮಾಡಿದರೆ, ಒಳಗಿನ ಪಿಕ್ಸೆಲ್ 20 ಗುಣಿಸು 1, ಅದು 20ರಲ್ಲೇ ಉಳಿಯುತ್ತದೆ. ಹೊರಗಿನ 255 ಗುಣಿಸು 0, ಅದು 0 ಆಗುತ್ತದೆ. ಬಿಳಿ ಇಲ್ಲೇ ಸತ್ತಿತು. ನಡುವಿನ ಬಿಂದುವಿನಲ್ಲಿ ಬಣ್ಣ 10, ಆಲ್ಫಾ 0.5. ಆಕಾಶದ ಅರ್ಧ 15 ಸೇರಿದರೆ 25. ಹೊರಗೆ ಮೊದಲು ಯಾವ ಬಣ್ಣ ಅಡಗಿತ್ತು ಎಂಬುದು ಈಗ ಮುಖ್ಯವೇ ಅಲ್ಲ. ಕಿರುಪ್ರತಿಗಳೂ ಈ ಗುಣಿಸಿದ ಬಣ್ಣದಿಂದಲೇ ತಯಾರಾದರೆ ದೂರದ ಕಾಗೆಯೂ ಕಪ್ಪಾಗಿಯೇ ಉಳಿಯುತ್ತದೆ. ಕೆಂಪಿನ ಪಕ್ಕದ ತೆಳು ನೀಲಿಗೂ ಅದರ ಆಲ್ಫಾಕ್ಕೆ ತಕ್ಕಷ್ಟೇ ಪಾಲು. ಹರಡುವ ವಿಧಾನ ಪಕ್ಕಕ್ಕೆ ಸರಿಸಿದ ಸಮಸ್ಯೆಯನ್ನು ಇದು ನಿಜಕ್ಕೂ ಬಿಡಿಸುತ್ತದೆ.

ಈ ವಿಧಾನ ಕೇಳುವ ಶಿಸ್ತು ಒಂದೇ: ಚಿತ್ರ ಮತ್ತು ಆಜ್ಞೆ ಎರಡೂ ಒಂದೇ ಪದ್ಧತಿಯಲ್ಲಿರಬೇಕು. ಬೆರಕೆಯಾದರೆ ಹೊಸ ಗೆರೆಗಳು ಹುಟ್ಟುತ್ತವೆ. ಗುಣಿಸದ ಚಿತ್ರವನ್ನು ಹೊಸ ಆಜ್ಞೆಯಿಂದ ತೋರಿಸಿದರೆ ಹೊರಗಿನ ಬಿಳಿ 255 ಯಾವ ತಡೆಯೂ ಇಲ್ಲದೆ ಆಕಾಶಕ್ಕೆ ಸೇರಿ, ಕಾಗೆ ಒಂದು ಬಿಳಿ ಚೌಕದೊಳಗೆ ಕೂತಂತೆ ಕಾಣುತ್ತದೆ. ಇದು ಎದ್ದು ಕಾಣುವುದರಿಂದ ಬೇಗ ಸಿಕ್ಕಿಬೀಳುತ್ತದೆ. ಕಷ್ಟ ಕೊಡುವುದು ಇದರ ಪ್ರತಿಯಾದ ತಪ್ಪು. ಗುಣಿಸಿದ ಚಿತ್ರವನ್ನು ಹಳೆಯ ಆಜ್ಞೆಯಿಂದ ತೋರಿಸಿದರೆ ಆಲ್ಫಾ ಎರಡು ಸಲ ಗುಣಿಸಿಕೊಳ್ಳುತ್ತದೆ. ಬೆಳ್ಳಕ್ಕಿಯ ಅಂಚಿನಲ್ಲಿ ಗುಣಿಸಿದ ಬಣ್ಣ 125, ಅದರ ಅರ್ಧ 62.5, ಮೋಡದ 120 ಸೇರಿ ಸುಮಾರು 183. ಅಡಗಿದ ಕಪ್ಪಿನಿಂದ ಬಂದ ಉತ್ತರವೂ ಇದೇ ಆಗಿತ್ತು. ಅಂಚನ್ನು ಮಾತ್ರ ನೋಡಿದರೆ ಎರಡು ರೋಗಗಳನ್ನು ಬೇರ್ಪಡಿಸಲಾಗದು. ಬೇರ್ಪಡಿಸುವುದು ಚಿತ್ರದೊಳಗಿನ ಅರೆಪಾರದರ್ಶಕ ಭಾಗ: ಹೊಗೆ, ಗಾಜು, ನೆರಳು. ಎರಡು ಸಲ ಗುಣಿಸಿದ್ದರೆ ಹೊಗೆಯ ನಡುಭಾಗವೂ ಕಪ್ಪಿಡುತ್ತದೆ. ಅಡಗಿದ ಕಪ್ಪಿನ ದೋಷವಾದರೆ ನಡುಭಾಗ ಸರಿಯಿದ್ದು ಅಂಚು ಮಾತ್ರ ಕೊಳೆಯಾಗುತ್ತದೆ.

ಮೈಕ್ರೋಸಾಫ್ಟ್ 2010ರಲ್ಲಿ ತನ್ನ ಎಕ್ಸ್‌ಎನ್‌ಎ ಎಂಬ ಆಟ ಕಟ್ಟುವ ಸಾಧನದ 4.0 ಆವೃತ್ತಿಯನ್ನು ಹೊರತಂದಾಗ ಮುಂಚೆಯೇ ಗುಣಿಸಿದ ಆಲ್ಫಾವನ್ನೇ ಪೂರ್ವನಿಯೋಜಿತ ಪದ್ಧತಿಯಾಗಿ ಮಾಡಿತು. ಅದರಲ್ಲಿ `BlendState.AlphaBlend` ಎಂದರೆ ಹೊಸ ಪದ್ಧತಿ, ಹಳೆಯದು ಬೇಕಾದವರಿಗೆ `BlendState.NonPremultiplied`. ಸ್ಪ್ರೈಟುಗಳನ್ನು ಮೆಲ್ಲಗೆ ಮಾಯವಾಗಿಸುವ ಹಳೆಯ ರೀತಿ ಅಲ್ಲಿ ಕೆಲಸ ಮಾಡುವುದಿಲ್ಲ. ಹಳೆಯ ಪದ್ಧತಿಯಲ್ಲಿ ಮಾಯವಾಗಿಸಲು ಆಲ್ಫಾವೊಂದನ್ನೇ ಇಳಿಸಿದರೆ ಸಾಕಿತ್ತು. ಹೊಸದರಲ್ಲಿ ಹಾಗೆ ಮಾಡಿದರೆ ಹಿನ್ನೆಲೆ ಮಾತ್ರ ಹೆಚ್ಚು ಸೇರಿ, ಸ್ಪ್ರೈಟಿನ ಬಣ್ಣ ಇಳಿಯದೆ, ಹಕ್ಕಿ ಮಾಸುವ ಬದಲು ಹೊಳೆಯತೊಡಗುತ್ತದೆ. ನಾಲ್ಕೂ ಸಂಖ್ಯೆಗಳನ್ನು ಒಟ್ಟಿಗೆ ಇಳಿಸಬೇಕು. ಇದೇ ಗುಣವನ್ನು ಬೇಕೆಂದೇ ಬಳಸಿಕೊಳ್ಳುವುದೂ ಉಂಟು. ಬಣ್ಣವಿದ್ದು ಆಲ್ಫಾ 0 ಇರುವ ಪಿಕ್ಸೆಲ್ ಹಿಂದಿನದನ್ನು ಮುಚ್ಚದೆ ಬೆಳಕನ್ನು ಮಾತ್ರ ಸೇರಿಸುತ್ತದೆ. ಬೆಂಕಿಯ ಕಿಡಿಯನ್ನೂ ಅದರ ಹೊಗೆಯನ್ನೂ ಒಂದೇ ಆಜ್ಞೆಯಲ್ಲಿ ಬಿಡಿಸಲು ಇದು ಅನುಕೂಲ.

ಬ್ರೌಸರಿನಲ್ಲಿ ನಡೆಯುವ ಆಟಗಳಲ್ಲಿ ಬಿಳಿ ಗೆರೆ ಇನ್ನೊಂದು ಬಾಗಿಲಿಂದಲೂ ಬರುತ್ತದೆ. ವೆಬ್‌ಜಿಎಲ್‌ನಲ್ಲಿ ಆಟ ಬಿಡಿಸಿಕೊಳ್ಳುವ ಕ್ಯಾನ್ವಾಸಿಗೂ ಸ್ವಂತ ಆಲ್ಫಾ ಇರುತ್ತದೆ, ಮುಗಿದ ಚಿತ್ರವನ್ನು ಬ್ರೌಸರ್ ಮತ್ತೆ ಪುಟದ ಹಿನ್ನೆಲೆಯ ಮೇಲೆ ಬೆರೆಸುತ್ತದೆ. ಹಳೆಯ ಆಜ್ಞೆ ಆಲ್ಫಾವನ್ನೂ ಬಣ್ಣದಂತೆಯೇ ಗುಣಿಸುತ್ತದೆ. ಆಲ್ಫಾ 0.5ರ ಅಂಚು ಗಟ್ಟಿ ಆಕಾಶದ ಮೇಲೆ ಬಿದ್ದಾಗ 0.5ರ ಅರ್ಧ 0.25, ಆಕಾಶದ ಪಾಲು 0.5, ಒಟ್ಟು 0.75. ಗಟ್ಟಿಯಾಗಿದ್ದ ಆಕಾಶದಲ್ಲಿ ಕಾಗೆಯ ಅಂಚಿನ ಆಕಾರದಲ್ಲೇ ಕಾಲುಭಾಗದ ತೂತು ಬಿತ್ತು. ಪುಟ ಬಿಳಿಯಾಗಿದ್ದರೆ ಸರಿಯಾಗಿ ಬಂದಿದ್ದ 25ಕ್ಕೆ ಪುಟದ ಬಿಳಿಯ ಕಾಲುಭಾಗ, ಸುಮಾರು 64, ಸೇರಿಕೊಂಡು 89 ಆಗುತ್ತದೆ. ಟೆಕ್ಸ್‌ಚರಿನಲ್ಲಿ ಯಾವ ತಪ್ಪೂ ಇಲ್ಲದಿದ್ದರೂ ಗೆರೆ ಹಾಜರು. ಇದನ್ನು ಪತ್ತೆ ಮಾಡುವುದು ಸುಲಭ: ಪುಟದ ಹಿನ್ನೆಲೆಯನ್ನು ಕೆಂಪು ಮಾಡಿದರೆ ಕಾಗೆಯ ಅಂಚೂ ಕೆಂಪಾಗುತ್ತದೆ. ಕ್ಯಾನ್ವಾಸನ್ನು `alpha: false` ಎಂದು ತೆರೆದರೆ, ಇಲ್ಲವೇ ಆಲ್ಫಾಕ್ಕೆ ಪ್ರತ್ಯೇಕ ಸೂತ್ರ ಕೊಟ್ಟರೆ ತೂತು ಮುಚ್ಚುತ್ತದೆ:

```
gl.blendFuncSeparate(gl.SRC_ALPHA, gl.ONE_MINUS_SRC_ALPHA,
                     gl.ONE, gl.ONE_MINUS_SRC_ALPHA);
```

ಮುಂಚೆಯೇ ಗುಣಿಸಿದ ಪದ್ಧತಿಯಲ್ಲಿ ಈ ಕಾಟವೇ ಇಲ್ಲ, ಅಲ್ಲಿ 0.5ಕ್ಕೆ 0.5 ಸೇರಿ 1 ಆಗುತ್ತದೆ. ಟೆಕ್ಸ್‌ಚರ್ ಏರಿಸುವ ಮುನ್ನ `gl.pixelStorei(gl.UNPACK_PREMULTIPLY_ALPHA_WEBGL, true)` ಎಂದು ಬರೆದರೆ ಗುಣಾಕಾರವನ್ನು ಬ್ರೌಸರೇ ಮಾಡಿಕೊಡುತ್ತದೆ.

ಎಲ್ಲ ಮಿನುಗೂ ಅಡಗಿದ ಬಣ್ಣದಿಂದಲೇ ಬರುವುದಿಲ್ಲ. ಅಂಚಿನ ಗೆರೆಯಲ್ಲದೆ ಇಡೀ ಸ್ಪ್ರೈಟ್ ಅಥವಾ ಅದರ ಒಂದು ಭಾಗ ಬಂದು ಹೋಗುತ್ತಿದ್ದರೆ ಬಿಡಿಸುವ ಸರದಿಯನ್ನು ನೋಡಬೇಕು. ಅರೆಪಾರದರ್ಶಕ ಚಿತ್ರಗಳನ್ನು ಹಿಂದಿನಿಂದ ಮುಂದಕ್ಕೆ ಸರದಿಯಲ್ಲಿ ಬಿಡಿಸಬೇಕು. ಎರಡು ಕಾಗೆಗಳು ಒಂದೇ ಆಳದಲ್ಲಿದ್ದು, ಯಾರು ಮೊದಲು ಎಂಬುದು ಫ್ರೇಮಿನಿಂದ ಫ್ರೇಮಿಗೆ ಬದಲಾದರೆ ಅವು ಒಂದರ ಮೇಲೊಂದು ಬರುವಲ್ಲಿ ಚಿತ್ರ ಪಟಪಟನೆ ಬದಲಾಗುತ್ತದೆ. ಆಳ ಸಮವಾದಾಗ ಪ್ರತಿ ಸ್ಪ್ರೈಟಿಗೂ ಬದಲಾಗದ ಒಂದು ಕ್ರಮಸಂಖ್ಯೆ ಕೊಟ್ಟರೆ ಜಗಳ ತೀರುತ್ತದೆ. ಪಾರದರ್ಶಕ ಪಿಕ್ಸೆಲ್ಲುಗಳೂ ಆಳದ ದಾಖಲೆಯಲ್ಲಿ ತಮ್ಮ ಗುರುತು ಬರೆಯುತ್ತಿದ್ದರೆ ಹಿಂದಿನ ಕಾಗೆ ಮುಂದಿನದರ ಚೌಕದ ಆಕಾರದಲ್ಲಿ ಕತ್ತರಿಸಿಹೋಗುತ್ತದೆ. ಅಂಥ ಸ್ಪ್ರೈಟುಗಳಿಗೆ `glDepthMask(GL_FALSE)` ಎಂದು ಆ ಬರವಣಿಗೆಯನ್ನು ನಿಲ್ಲಿಸಬೇಕು.

ಬ್ಲೆಂಡಿಂಗ್ ಬದಲು ಆಲ್ಫಾ 0.5ಕ್ಕಿಂತ ಕಡಿಮೆಯಿರುವ ಪಿಕ್ಸೆಲ್ಲನ್ನು ಎಸೆದುಬಿಡುವ ವಿಧಾನವೂ ಇದೆ, ಮರದ ಎಲೆಗಳಿಗೂ ಹುಲ್ಲಿಗೂ ಹೆಚ್ಚಾಗಿ ಬಳಸುತ್ತಾರೆ. ಅಲ್ಲಿ ಮಿನುಗು ದೂರದಲ್ಲಿ ಶುರುವಾಗುತ್ತದೆ. ತೆಳುವಾದ ಹುಲ್ಲಿನ ಎಸಳಿನ ಆಲ್ಫಾ ಕಿರುಪ್ರತಿಗಳಲ್ಲಿ ಸುತ್ತಲಿನ ಸೊನ್ನೆಗಳ ಜತೆ ಬೆರೆತು 0.5ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕ್ಯಾಮೆರಾ ಕೂದಲೆಳೆಯಷ್ಟು ಸರಿದರೂ ಅದು ಗಡಿಯ ಈಚೆ ಒಮ್ಮೆ ಆಚೆ ಒಮ್ಮೆ ಬಿದ್ದು ಎಸಳು ಕಂಡು ಮರೆಯಾಗುತ್ತದೆ. ಪ್ರತಿ ಕಿರುಪ್ರತಿಯಲ್ಲೂ ಗಡಿ ದಾಟುವ ಪಿಕ್ಸೆಲ್ಲುಗಳ ಪ್ರಮಾಣ ಮೂಲದಷ್ಟೇ ಉಳಿಯುವಂತೆ ಆಲ್ಫಾವನ್ನು ಹಿಗ್ಗಿಸಿ ಇಟ್ಟರೆ ಹುಲ್ಲು ದೂರದಲ್ಲಿ ಬೋಳಾಗುವುದು ತಪ್ಪುತ್ತದೆ, ಮಿನುಗೂ ಬಹಳಷ್ಟು ಇಳಿಯುತ್ತದೆ.

ಗೆರೆ ಕಾಗೆಯ ಆಕಾರವನ್ನು ಅನುಸರಿಸದೆ ಅದರ ಚೌಕದ ಬದಿಯಲ್ಲಿ ನೇರವಾಗಿ ಓಡಿದರೆ ಅದು ಪಕ್ಕದ ಮನೆಯ ಬಣ್ಣ. ಒಂದೇ ದೊಡ್ಡ ಟೆಕ್ಸ್‌ಚರಿನಲ್ಲಿ ಹತ್ತಾರು ಸ್ಪ್ರೈಟುಗಳನ್ನು ಒತ್ತೊತ್ತಾಗಿ ಜೋಡಿಸಿದಾಗ ಫಿಲ್ಟರಿಂಗ್ ಗಡಿಯಾಚೆಯ ಚಿತ್ರದಿಂದಲೂ ಒಂದಿಷ್ಟು ಎತ್ತಿಕೊಳ್ಳುತ್ತದೆ. ಇದಕ್ಕೆ ಮುಂಚೆಯೇ ಗುಣಿಸುವುದು ಮದ್ದಲ್ಲ, ಸ್ಪ್ರೈಟುಗಳ ನಡುವೆ ಖಾಲಿ ಜಾಗ ಬಿಡಬೇಕು. ಮಿಪ್‌ಮ್ಯಾಪ್ ಇಲ್ಲದಿದ್ದರೆ ಒಂದೆರಡು ಪಿಕ್ಸೆಲ್ ಸಾಕು, ಇದ್ದರೆ ಬಳಸುವ ಪ್ರತಿ ಹಂತಕ್ಕೂ ಆ ಜಾಗ ಇಮ್ಮಡಿಯಾಗಬೇಕು.

ಮುಂಚೆಯೇ ಗುಣಿಸುವ ಪದ್ಧತಿಗೆ ತೆರಬೇಕಾದ ಬೆಲೆಯೂ ಒಂದಿದೆ. ಪ್ರತಿ ಸಂಖ್ಯೆಗೆ 8 ಬಿಟ್ ಮಾತ್ರ ಇದ್ದಾಗ, 0ಯಿಂದ 255ರವರೆಗಿನ ಪೂರ್ಣಾಂಕಗಳಷ್ಟೇ ಸಿಗುತ್ತವೆ. 255ರಲ್ಲಿ 10ರಷ್ಟು ತೆಳುವಾದ ಆಲ್ಫಾ ಇರುವ ಪಿಕ್ಸೆಲ್ಲಿನ ಬಣ್ಣ 200 ಆಗಿದ್ದರೆ ಗುಣಿಸಿದಾಗ 7.84 ಬಂದು 8 ಎಂದು ದಾಖಲಾಗುತ್ತದೆ. ಅದನ್ನು ಮತ್ತೆ ಭಾಗಿಸಿದರೆ 200ರ ಬದಲು 204 ಸಿಗುತ್ತದೆ. ತೆರೆಯ ಮೇಲೆ ತೋರಿಸುವುದಕ್ಕೆ ಇದರಿಂದ ನಷ್ಟವಿಲ್ಲ, ಅಷ್ಟು ತೆಳುವಾದ ಪಿಕ್ಸೆಲ್ಲಿನಲ್ಲಿ ಆ ವ್ಯತ್ಯಾಸ ಕಾಣದು. ಆದರೆ ಚಿತ್ರವನ್ನು ಮತ್ತೆ ತಿದ್ದಬೇಕಾದವರಿಗೆ ಇದು ಮರಳಿ ಬಾರದ ನಷ್ಟ. ಆದ್ದರಿಂದ ಚಿತ್ರಕಾರರ ಮೂಲ ಕಡತವನ್ನು ಗುಣಿಸದೆ ಹಾಗೇ ಕಾಪಾಡಿ, ಆಟಕ್ಕೆಂದು ಟೆಕ್ಸ್‌ಚರ್ ತಯಾರಿಸುವ ಕೊನೆಯ ಹಂತದಲ್ಲಿ ಮಾತ್ರ, ಕಿರುಪ್ರತಿಗಳನ್ನು ಮಾಡುವ ಮುನ್ನ, ಗುಣಾಕಾರ ನಡೆಸುವುದು ವಾಡಿಕೆ.